ಕಟ್-ಆಫ್ 10 ಇಡಲೋ, 11 ಇಡಲೋ, 13 ಇಡಲೋ? ಆರ್‌ಒಸಿ ನೋಡಿ ಸ್ಕೋರ್ ಆರಿಸುವ ದಾರಿಗಳ ಹೋಲಿಕೆ

ಡೇಟಾ ಸೇರಿಸಿ ಆಯಿತು, ಆರ್‌ಒಸಿ ಕರ್ವ್ ಬಂತು, ಎಯುಸಿ ಕೂಡ ಚೆನ್ನಾಗಿದೆ, ಈಗ ಕಟ್-ಆಫ್ ಯಾವುದು ಇಡಬೇಕು? ಥೀಸಿಸ್ ಬರೆಯುವ ಕಾಲ ಬಂತೆಂದರೆ ಸೈಕಿಯಾಟ್ರಿ, ಕಮ್ಯುನಿಟಿ ಮೆಡಿಸಿನ್, ನರ್ಸಿಂಗ್ ಪಿಜಿಗಳೆಲ್ಲ ಕೇಳುವ ಪ್ರಶ್ನೆ ಇದೇ. ಗೈಡ್ ಯೂಡನ್ ಇಂಡೆಕ್ಸ್ ಹಾಕಿ ಅನ್ನುತ್ತಾರೆ. ಸ್ಟ್ಯಾಟಿಸ್ಟಿಕ್ಸ್‌ನವರು ಸೆನ್ಸಿಟಿವಿಟಿ 90 ಬರುವ ಹಾಗೆ ಇಡಿ ಅನ್ನುತ್ತಾರೆ. ಹಳೆಯ ಪೇಪರ್‌ನಲ್ಲಿ ಇನ್ನೊಂದೇ ನಂಬರ್ ಇರುತ್ತದೆ. ಮೂವರೂ ಸರಿಯೇ ಹೇಳುತ್ತಿರಬಹುದು, ಯಾಕೆಂದರೆ ಮೂವರ ತಲೆಯಲ್ಲೂ ಬೇರೆ ಬೇರೆ ಕೆಲಸ ಇದೆ. ಕಟ್-ಆಫ್ ಅನ್ನುವುದು ಕರ್ವ್‌ನೊಳಗೆ ಬಚ್ಚಿಟ್ಟಿರುವ ಉತ್ತರ ಅಲ್ಲ. ಪಾಸಿಟಿವ್ ಬಂದವರಿಗೆ ಮುಂದೆ ಏನು ಮಾಡುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ.

ಬರೀ ತತ್ವ ಹೇಳುವ ಬದಲು ಒಂದೇ ಪ್ರಶ್ನಾವಳಿಯನ್ನು ಹಿಡಿದುಕೊಂಡು ನೋಡೋಣ. ಬಾಣಂತಿಯರ ಖಿನ್ನತೆಗೆ ಬಳಸುವ ಎಡಿನ್‌ಬರ್ಗ್ ಸ್ಕೇಲ್, ಅಂದರೆ ಇಪಿಡಿಎಸ್. ಹತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 30. ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತದೆ. ಕಾಕ್ಸ್ ಮತ್ತು ಜೊತೆಗಾರರು 1987ರಲ್ಲಿ ಸ್ಕಾಟ್ಲೆಂಡಿನ 84 ತಾಯಂದಿರ ಮೇಲೆ ಇದನ್ನು ಪರೀಕ್ಷಿಸಿ 12/13 ಅನ್ನುವ ಗಡಿ ಕೊಟ್ಟರು. ಅಂದರೆ 13 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪಾಸಿಟಿವ್. ಸೆನ್ಸಿಟಿವಿಟಿ 86%, ಸ್ಪೆಸಿಫಿಸಿಟಿ 78%. ಆದರೆ ಅದೇ ಪೇಪರ್‌ನಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ: ಪ್ರಾಥಮಿಕ ಆರೋಗ್ಯ ಸಿಬ್ಬಂದಿ ದಿನನಿತ್ಯ ಬಳಸುವುದಾದರೆ 9/10 ಗಡಿ ಪರವಾಗಿಲ್ಲ, ತಪ್ಪಿಹೋಗುವವರು ಕಡಿಮೆಯಾಗುತ್ತಾರೆ ಅಂತ. ಅಂದರೆ ಸ್ಕೇಲ್ ಮಾಡಿದವರೇ ಮೊದಲ ದಿನದಿಂದ ಎರಡು ಕೆಲಸಕ್ಕೆ ಎರಡು ಕಟ್-ಆಫ್ ಕೊಟ್ಟಿದ್ದರು.

ಆಮೇಲೆ ಬಂದದ್ದು ನೋಡಿ. ಗೋವಾದಲ್ಲಿ 2002ರ ಅಧ್ಯಯನ 11/12 ಅಂದಿತು. ಗ್ರಾಮೀಣ ಕರ್ನಾಟಕದ ಗರ್ಭಿಣಿಯರ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13 ಚೆನ್ನಾಗಿ ಕೆಲಸ ಮಾಡಿತು. ಸೆನ್ಸಿಟಿವಿಟಿ 100%, ಸ್ಪೆಸಿಫಿಸಿಟಿ 84.9%. 2020ರಲ್ಲಿ ಬಿಎಂಜೆಯಲ್ಲಿ 58 ಅಧ್ಯಯನಗಳ ಮೂಲ ಡೇಟಾ ಒಟ್ಟು ಸೇರಿಸಿ, 15 ಸಾವಿರಕ್ಕೂ ಜಾಸ್ತಿ ಹೆಂಗಸರ ಲೆಕ್ಕ ಹಾಕಿದಾಗ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡನ್ನೂ ಕೂಡಿಸಿ ಜಾಸ್ತಿ ಬಂದದ್ದು 11ಕ್ಕೆ. ಅಲ್ಲಿ 13ರ ಸೆನ್ಸಿಟಿವಿಟಿ ಬರೀ 66% ಆಸುಪಾಸು, ಸ್ಪೆಸಿಫಿಸಿಟಿ 95%. ಹಾಗಾದರೆ ಗೋವಾದವರಿಗೂ ಕರ್ನಾಟಕದವರಿಗೂ ಖಿನ್ನತೆ ಒಂದು ಅಂಕ ಬೇರೆ ಅಂತ ಅರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಭಾಷೆ, ಗರ್ಭಿಣಿಯೋ ಬಾಣಂತಿಯೋ ಅನ್ನುವುದು, ಸಂದರ್ಶನದ ವಿಧಾನ, ಇವೆಲ್ಲ ಸ್ವಲ್ಪ ಸ್ವಲ್ಪ ಎಳೆಯುತ್ತವೆ ನಿಜ. ಆದರೆ ಈ ವ್ಯತ್ಯಾಸದ ಒಂದು ದೊಡ್ಡ ಪಾಲು ಸುಮ್ನೆ ಸಣ್ಣ ಸ್ಯಾಂಪಲ್‌ನ ಅಲುಗಾಟ ಇರಬಹುದು. ಅದು ಹೇಗೆ ಅಂತ ಕೆಳಗೆ ಅಂಕಿ ಇಟ್ಟು ತೋರಿಸುತ್ತೇನೆ.

ಮೊದಲು ಯಾವ ಅಳತೆಗೋಲು

ವಿಧಾನಗಳನ್ನು ಹೋಲಿಸುವ ಮೊದಲು ನಾಲ್ಕು ವಿಷಯ ಹಾಳೆಯ ಮೇಲೆ ಬರೆದುಕೊಳ್ಳಿ. ಪಾಸಿಟಿವ್ ಬಂದವರಿಗೆ ಮುಂದಿನ ಹೆಜ್ಜೆ ಏನು? ಆಶಾ ಕಾರ್ಯಕರ್ತೆ ಇನ್ನೊಮ್ಮೆ ಮನೆಗೆ ಹೋಗಿ ಮಾತಾಡಿಸುವುದೋ, ತಾಲೂಕು ಆಸ್ಪತ್ರೆಗೆ ಕಳಿಸುವುದೋ, ನೇರವಾಗಿ ಮಾತ್ರೆ ಶುರು ಮಾಡುವುದೋ? (ಮೂರನೆಯದು ಎಂದೂ ಆಗಬಾರದು, ಸ್ಕ್ರೀನಿಂಗ್ ಡಯಾಗ್ನೋಸಿಸ್ ಅಲ್ಲ.) ಎರಡನೆಯದು, ಒಬ್ಬಳು ತಪ್ಪಿಹೋದರೆ ಆಗುವ ನಷ್ಟ ಎಷ್ಟು ಜನರ ಅನಗತ್ಯ ಓಡಾಟಕ್ಕೆ ಸಮ? ಮೂರನೆಯದು, ನಾಳೆ ಈ ಸ್ಕೇಲ್ ಬಳಸುವ ಜಾಗದಲ್ಲಿ ನೂರಕ್ಕೆ ಎಷ್ಟು ಜನರಿಗೆ ಖಿನ್ನತೆ ಇರುತ್ತದೆ? ನಿಮ್ಮ ಅಧ್ಯಯನ ಆಸ್ಪತ್ರೆಯಲ್ಲಿ ನಡೆದಿದ್ದು ಬಳಕೆ ಹಳ್ಳಿಯಲ್ಲಾದರೆ ಈ ನಂಬರ್ ಬೇರೆ. ನಾಲ್ಕನೆಯದು, ನಿಮ್ಮ ಸ್ಯಾಂಪಲ್‌ನಲ್ಲಿ ನಿಜವಾಗಿ ಖಿನ್ನತೆ ಇರುವವರು ಎಷ್ಟು ಜನ? ಒಟ್ಟು ಸ್ಯಾಂಪಲ್ ಅಲ್ಲ, ಕೇಸ್‌ಗಳು ಎಷ್ಟು.

ಎಯುಸಿ ಈ ಪಟ್ಟಿಯಲ್ಲಿ ಇಲ್ಲ. ಸ್ಕೇಲ್ ಒಟ್ಟಾರೆಯಾಗಿ ಕಾಯಿಲೆ ಇರುವವರನ್ನು ಇಲ್ಲದವರಿಂದ ಎಷ್ಟು ಚೆನ್ನಾಗಿ ಬೇರೆ ಮಾಡುತ್ತದೆ ಅಂತ ಮಾತ್ರ ಅದು ಹೇಳುತ್ತದೆ. ನೀವು 8 ಇಟ್ಟರೂ 14 ಇಟ್ಟರೂ ಎಯುಸಿ ಅಷ್ಟೇ.

ಈಗ ಅಂಕಿ. ಇದು ಲೆಕ್ಕ ತೋರಿಸಲು ನಾನೇ ಹೊಂದಿಸಿದ್ದು, ಯಾವ ಅಧ್ಯಯನದ್ದೂ ಅಲ್ಲ. 200 ಬಾಣಂತಿಯರಿಗೆ ಇಪಿಡಿಎಸ್ ಕೊಟ್ಟಿದ್ದೇವೆ. ಆಮೇಲೆ ಸ್ಕೋರ್ ಗೊತ್ತಿಲ್ಲದ ಒಬ್ಬ ವೈದ್ಯರು ಎಲ್ಲರಿಗೂ ಮಿನಿ ಅನ್ನುವ ಡಯಾಗ್ನೋಸ್ಟಿಕ್ ಸಂದರ್ಶನ ಮಾಡಿದ್ದಾರೆ. 30 ಜನರಿಗೆ ಖಿನ್ನತೆ ಇದೆ, 170 ಜನರಿಗೆ ಇಲ್ಲ.

| ಕಟ್-ಆಫ್ (ಇಷ್ಟು ಅಥವಾ ಜಾಸ್ತಿ) | 30ರಲ್ಲಿ ಸಿಕ್ಕವರು | 170ರಲ್ಲಿ ತಪ್ಪಾಗಿ ಪಾಸಿಟಿವ್ | ಸೆನ್ಸಿಟಿವಿಟಿ | ಸ್ಪೆಸಿಫಿಸಿಟಿ | ಯೂಡನ್ |
|---|---|---|---|---|---|
| 8 | 29 | 68 | 96.7% | 60.0% | 0.567 |
| 9 | 28 | 54 | 93.3% | 68.2% | 0.616 |
| 10 | 27 | 41 | 90.0% | 75.9% | 0.659 |
| 11 | 25 | 29 | 83.3% | 82.9% | 0.663 |
| 12 | 23 | 19 | 76.7% | 88.8% | 0.655 |
| 13 | 21 | 12 | 70.0% | 92.9% | 0.629 |
| 14 | 17 | 7 | 56.7% | 95.9% | 0.525 |

ಯೂಡನ್ ಇಂಡೆಕ್ಸ್

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೇ. ಯೂಡನ್ 1950ರಲ್ಲಿ ಕೊಟ್ಟ ಸೂತ್ರ ಬಹಳ ಸರಳ: ಸೆನ್ಸಿಟಿವಿಟಿ ಮತ್ತು ಸ್ಪೆಸಿಫಿಸಿಟಿ ಕೂಡಿಸಿ 1 ಕಳೆಯಿರಿ, ಯಾವ ಕಟ್-ಆಫ್‌ಗೆ ಅದು ಜಾಸ್ತಿ ಬರುತ್ತದೋ ಅದನ್ನು ಆರಿಸಿ. ನಮ್ಮ ಕೋಷ್ಟಕದಲ್ಲಿ ಗೆದ್ದದ್ದು 11. ಸಾಫ್ಟ್‌ವೇರ್ ಇಷ್ಟು ಹೇಳಿ ಸುಮ್ಮನಾಗುತ್ತದೆ, ಥೀಸಿಸ್‌ನಲ್ಲೂ ಅಷ್ಟೇ ಬರೆದು ಮುಂದೆ ಹೋಗುತ್ತಾರೆ.

ಆದರೆ ಕೊನೆಯ ಕಂಬಸಾಲನ್ನು ಇನ್ನೊಮ್ಮೆ ನೋಡಿ. 10ಕ್ಕೆ 0.659, 11ಕ್ಕೆ 0.663, 12ಕ್ಕೆ 0.655. ಇದು ಶಿಖರ ಅಲ್ಲ, ತಲೆ ಚಪ್ಪಟೆಯಾದ ಗುಡ್ಡ. 30 ಕೇಸ್ ಇರುವಾಗ ಒಬ್ಬಳು ಹೆಂಗಸು ಆ ಕಡೆಯಿಂದ ಈ ಕಡೆಗೆ ಬಂದರೆ ಯೂಡನ್ 0.033 ಬದಲಾಗುತ್ತದೆ, ಅಂದರೆ 10, 11, 12ರ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಒಬ್ಬಳು ಅಂದು ಸ್ವಲ್ಪ ನಿದ್ದೆಗೆಟ್ಟು ಒಂದು ಅಂಕ ಜಾಸ್ತಿ ಹಾಕಿದ್ದರೆ ನಿಮ್ಮ ಥೀಸಿಸ್‌ನ ಕಟ್-ಆಫ್ 12 ಆಗುತ್ತಿತ್ತು. ಗೋವಾಕ್ಕೂ ಕರ್ನಾಟಕಕ್ಕೂ ಒಂದು ಅಂಕ ಯಾಕೆ ಬೇರೆ ಅಂತ ಡಿಸ್ಕಷನ್‌ನಲ್ಲಿ ಎರಡು ಪುಟ ಸಂಸ್ಕೃತಿಯ ಬಗ್ಗೆ ಬರೆಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಯೂಡನ್ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಎರಡನ್ನೂ ಸಮನಾಗಿ ನೋಡುತ್ತದೆ ಅನ್ನುತ್ತಾರಲ್ಲ, ಅದು ಪೂರ್ತಿ ಸರಿಯಲ್ಲ. 10ರಿಂದ 11ಕ್ಕೆ ಹೋದಾಗ ಏನಾಯಿತು? ಖಿನ್ನತೆ ಇರುವ 2 ಜನ ತಪ್ಪಿಹೋದರು, ಇಲ್ಲದ 12 ಜನರ ಓಡಾಟ ಉಳಿಯಿತು. ಯೂಡನ್ ಈ ವ್ಯಾಪಾರಕ್ಕೆ ಒಪ್ಪಿತು. ಅಂದರೆ ಒಬ್ಬಳನ್ನು ಬಿಟ್ಟುಬಿಡುವುದಕ್ಕೆ 6 ಜನರ ಓಡಾಟ ಉಳಿದರೆ ಸಾಕು ಅಂದಿತು. 170ನ್ನು 30ರಿಂದ ಭಾಗಿಸಿದರೆ 5.7, ಅದೇ ಅದರ ಒಳಗಿನ ಬೆಲೆ. ಖಿನ್ನತೆ ಇಲ್ಲದವರು ಇರುವವರ ಎಷ್ಟು ಪಟ್ಟು ಇದ್ದಾರೋ ಅಷ್ಟು ಪಟ್ಟು. ನಾಳೆ ಇದೇ 11ನ್ನು ನೂರಕ್ಕೆ ಹತ್ತು ಜನರಿಗೆ ಖಿನ್ನತೆ ಇರುವ ಹಳ್ಳಿಗೆ ತೆಗೆದುಕೊಂಡು ಹೋದರೆ ಅಲ್ಲಿ ಆ ಬೆಲೆ 9 ಆಗುತ್ತದೆ. ಈ ಬೆಲೆಯನ್ನು ನೀವು ಆರಿಸಲಿಲ್ಲ, ನಿಮ್ಮ ಗೈಡೂ ಆರಿಸಲಿಲ್ಲ. ಅದು ಸುಮ್ನೆ ಬಂದು ಕೂತಿತು.

ಹಾಗಂತ ಯೂಡನ್ ಬೇಡ ಅನ್ನುತ್ತಿಲ್ಲ. ಸ್ಕೇಲ್ ಎಲ್ಲಿ ಬಳಸುತ್ತಾರೆ ಅಂತ ಇನ್ನೂ ಗೊತ್ತಿಲ್ಲ, ಬೇರೆ ಅಧ್ಯಯನಗಳ ಜೊತೆ ಹೋಲಿಸಲು ಒಂದು ನಂಬರ್ ಬೇಕು ಅಷ್ಟೇ ಅಂದರೆ ಯೂಡನ್ ಕೊಡಿ. ಜೊತೆಗೆ ಅಕ್ಕಪಕ್ಕದ ಎರಡು ಕಟ್-ಆಫ್‌ಗಳನ್ನೂ ಕೊಡಿ.

ಎಡ ಮೇಲ್ಮೂಲೆಗೆ ಅತಿ ಹತ್ತಿರದ ಬಿಂದು ಅನ್ನುವ ಇನ್ನೊಂದು ವಿಧಾನ ಇದೆ. ಇಲ್ಲೂ ಅದು 11ನ್ನೇ ತೋರಿಸುತ್ತದೆ. ಆ ದೂರಕ್ಕೆ ರೋಗಿಗಳ ಲೆಕ್ಕದಲ್ಲಿ ಯಾವ ಅರ್ಥವೂ ಇಲ್ಲ, ಹಾಗಾಗಿ ಯೂಡನ್ ಬಿಟ್ಟು ಇದನ್ನು ಹಿಡಿಯಲು ನನಗೆ ಕಾರಣ ಕಾಣುವುದಿಲ್ಲ.

ಸೆನ್ಸಿಟಿವಿಟಿ ಮೊದಲೇ ಗೊತ್ತುಮಾಡುವುದು

"ನೂರಕ್ಕೆ ತೊಂಬತ್ತು ಜನ ಸಿಗಲೇಬೇಕು, ಆಮೇಲೆ ಸ್ಪೆಸಿಫಿಸಿಟಿ ಎಷ್ಟು ಬರುತ್ತದೋ ಬರಲಿ." ಸ್ಕ್ರೀನಿಂಗ್‌ಗೆ ಇದು ಸಹಜವಾದ ಯೋಚನೆ. ಎರಡನೇ ಹಂತ ಅಗ್ಗವಾಗಿದ್ದರೆ, ಅಂದರೆ ಅದೇ ಕೇಂದ್ರದಲ್ಲಿ ಕೌನ್ಸೆಲರ್ ಹತ್ತು ನಿಮಿಷ ಮಾತಾಡಿಸಿ ನೋಡಬಹುದಾದರೆ, ನಾನು ಆರಿಸುವುದೂ ಇದನ್ನೇ. ನಮ್ಮ ಕೋಷ್ಟಕದಲ್ಲಿ ಉತ್ತರ 10: 30ರಲ್ಲಿ 27, ಸರಿಯಾಗಿ 90%.

ಎಡವುವ ಜಾಗ ಒಂದಿದೆ. 30ರಲ್ಲಿ 27 ಅನ್ನುವುದರ 95% ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 74ರಿಂದ 97. ನೀವು 90 ಅಂತ ಮಾತು ಕೊಟ್ಟಿದ್ದೀರಿ, ನಿಜವಾದದ್ದು 75 ಇರಬಹುದು. ಹಾಗಾಗಿ ಈ ವಿಧಾನ ಹಿಡಿಯುವವರು ಸ್ಯಾಂಪಲ್ ಸೈಜ್ ಅನ್ನು ಮೊದಲೇ ಕೇಸ್ ಲೆಕ್ಕದಲ್ಲಿ ಹಾಕಬೇಕು. ಸೆನ್ಸಿಟಿವಿಟಿ 90% ಅಂತ ನಿರೀಕ್ಷಿಸಿ ಆ ಕಡೆ ಈ ಕಡೆ 10 ಪಾಯಿಂಟ್ ಸಾಕು ಅಂದರೂ ಸುಮಾರು 35 ಕೇಸ್ ಬೇಕು. ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಇರುವ ಕಡೆ 35 ಕೇಸ್ ಸಿಗಲು 350 ಜನರನ್ನು ಸಂದರ್ಶಿಸಬೇಕು. 5 ಪಾಯಿಂಟ್ ಒಳಗೆ ಬೇಕು ಅಂದರೆ 138 ಕೇಸ್, ಅಂದರೆ ಸುಮಾರು 1,400 ಜನ. ಒಬ್ಬ ಪಿಜಿಯ ಕೈಲಾಗುವ ಕೆಲಸ ಅಲ್ಲ ಅದು, ಅಲ್ವಾ. ಹಾಗಾಗಿ 35 ಕೇಸ್ ಮಾಡಿ, ಇಂಟರ್ವಲ್ ಅನ್ನು ಮುಚ್ಚಿಡದೆ ಕೊಡಿ.

ಬೆಲೆ ಕಟ್ಟಿ ಆರಿಸುವುದು

ಇದು ಜನ ಹೆದರಿ ದೂರ ಇಡುವ ವಿಧಾನ, ಆದರೆ ಲೆಕ್ಕ ನಿಜಕ್ಕೂ ಸುಲಭ. ಬಳಸುವ ಜಾಗದ 1,000 ಹೆಂಗಸರನ್ನು ಊಹಿಸಿಕೊಳ್ಳಿ, 100 ಜನರಿಗೆ ಖಿನ್ನತೆ ಇದೆ, 900 ಜನರಿಗೆ ಇಲ್ಲ. ಪ್ರತಿ ಕಟ್-ಆಫ್‌ಗೂ ತಪ್ಪಿಹೋದವರ ಸಂಖ್ಯೆಯನ್ನು ನೀವು ಕಟ್ಟಿದ ಬೆಲೆಯಿಂದ ಗುಣಿಸಿ, ಅನಗತ್ಯವಾಗಿ ಕಳಿಸಿದವರನ್ನು ಅದಕ್ಕೆ ಕೂಡಿಸಿ. ಯಾವುದು ಕಡಿಮೆ ಬರುತ್ತದೋ ಅದು ನಿಮ್ಮ ಕಟ್-ಆಫ್.

10 ಇಟ್ಟರೆ 10 ಜನ ತಪ್ಪುತ್ತಾರೆ, 217 ಜನ ಅನಗತ್ಯವಾಗಿ ಹೋಗುತ್ತಾರೆ. 11ಕ್ಕೆ 17 ಮತ್ತು 154. 13ಕ್ಕೆ 30 ಮತ್ತು 64. ಈಗ ಒಬ್ಬಳು ತಪ್ಪಿದರೆ 5 ಅನಗತ್ಯ ರೆಫರಲ್‌ಗೆ ಸಮ ಅಂದುಕೊಳ್ಳಿ. 10ರ ಲೆಕ್ಕ 50 ಮತ್ತು 217 ಸೇರಿ 267. 11ರದು ಸುಮಾರು 237. 13ರದು 150 ಮತ್ತು 64 ಸೇರಿ 214. ಗೆದ್ದದ್ದು 13. ಬೆಲೆ 9 ಅಂದರೆ 11 ಗೆಲ್ಲುತ್ತದೆ, ಅದು ಮೇಲೆ ಹೇಳಿದ ಯೂಡನ್ ಲೆಕ್ಕವೇ. 25 ಅಂದರೆ ಕೋಷ್ಟಕದ ಮೊದಲ ಸಾಲಿಗೆ, 8ಕ್ಕೆ ಇಳಿಯುತ್ತದೆ. ಅದೇ ಡೇಟಾ, ಅದೇ ಕರ್ವ್, ಬೆಲೆ ಮಾತ್ರ ಬೇರೆ.

ಈ ಬೆಲೆ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ದುಡ್ಡಿನಲ್ಲೇ ಲೆಕ್ಕ ಹಾಕಬೇಕಿಲ್ಲ. ಆ ಊರಿನ ಮೆಡಿಕಲ್ ಆಫೀಸರ್, ಎಎನ್‌ಎಂ, ಒಬ್ಬ ಸೈಕಿಯಾಟ್ರಿಸ್ಟ್ ಮೂವರನ್ನೂ ಕೂರಿಸಿಕೊಂಡು ನೇರವಾಗಿ ಕೇಳಿ: ಒಬ್ಬ ಖಿನ್ನ ಬಾಣಂತಿ ಸಿಗಬೇಕು ಅಂದರೆ ಎಷ್ಟು ಜನ ಸುಮ್ನೆ ತಾಲೂಕು ಆಸ್ಪತ್ರೆಗೆ ಬಸ್ಸು ಹತ್ತಿ ಬಂದು ಹೋದರೂ ಪರವಾಗಿಲ್ಲ? ಹಸುಗೂಸು ಎತ್ತಿಕೊಂಡು ಅರ್ಧ ದಿನ ಕಳೆದು ಬರುವುದು, ಮನೆಯಲ್ಲಿ ಅತ್ತೆಗೆ ಕಾರಣ ಹೇಳುವುದು, "ತಲೆ ಡಾಕ್ಟರ್ ಹತ್ತಿರ ಹೋಗಿದ್ದಳಂತೆ" ಅನ್ನುವ ಮಾತು, ಇವೆಲ್ಲ ಸೇರಿಸಿಯೇ ಅವರು ಉತ್ತರ ಕೊಡುತ್ತಾರೆ. ಉತ್ತರ 4ರಿಂದ 12ರವರೆಗೆ ಹರಡಿದ್ದರೆ ಎರಡು ತುದಿಗೂ ಲೆಕ್ಕ ಹಾಕಿ ತೋರಿಸಿ.

ಆರ್‌ನಲ್ಲಿ `pROC` ಬಳಸುವವರಿಗೆ ಇದು ಒಂದೇ ಸಾಲು. `best.weights`ನಲ್ಲಿ ಮೊದಲನೆಯದು ತಪ್ಪಿಹೋಗುವುದರ ಬೆಲೆ, ಎರಡನೆಯದು ಬಳಸುವ ಜಾಗದ ಪ್ರಮಾಣ:

```r
library(pROC)
r <- roc(d$mini, d$epds, levels = c(0, 1), direction = "<")
coords(r, "all", ret = c("threshold", "sensitivity", "specificity"))
coords(r, "best", best.method = "youden", best.weights = c(5, 0.10))
```

`direction` ಬರೆಯುವುದನ್ನು ಮರೆಯಬೇಡಿ. ಬಿಟ್ಟರೆ ಸಾಫ್ಟ್‌ವೇರ್ ಮೀಡಿಯನ್ ನೋಡಿ ತಾನೇ ದಿಕ್ಕು ಆರಿಸಿಕೊಳ್ಳುತ್ತದೆ. ಕೆಲಸ ಮಾಡದ ಸ್ಕೇಲ್ ಕೂಡ 0.5ಕ್ಕಿಂತ ಮೇಲೆ ಕಾಣಬಹುದು. ಇನ್ನೊಂದು, `threshold` ಕೆಳಗೆ 10.5 ಅಂತ ಬರುತ್ತದೆ. SPSS ಕೂಡ ಹಾಗೇ ಕೊಡುತ್ತದೆ. ಎರಡು ಸ್ಕೋರ್‌ಗಳ ನಡುವಿನ ಬಿಂದು ಅದು. 10.5 ಅಂದರೆ 11 ಅಥವಾ ಜಾಸ್ತಿ ಪಾಸಿಟಿವ್. ಅದನ್ನು 10 ಅಂತ ದುಂಡಗೆ ಮಾಡಿ ಬರೆದರೆ ನಮ್ಮ ಉದಾಹರಣೆಯಲ್ಲೇ 1,000ಕ್ಕೆ 60ಕ್ಕೂ ಜಾಸ್ತಿ ಅನಗತ್ಯ ರೆಫರಲ್ ಸೇರಿಕೊಳ್ಳುತ್ತದೆ.

ಸಿಬ್ಬಂದಿ ಎಷ್ಟಿದ್ದಾರೆ ಅಂತ ನೋಡಿ ಆರಿಸುವುದು

ಪುಸ್ತಕದಲ್ಲಿ ಇದನ್ನು ವಿಧಾನ ಅಂತಲೇ ಕರೆಯುವುದಿಲ್ಲ, ಆದರೆ ಬಜೆಟ್ ಕಡಿಮೆ ಇರುವ ಕಡೆ ಕೊನೆಗೆ ನಡೆಯುವುದು ಇದೇ. ಜಿಲ್ಲಾ ಮಾನಸಿಕ ಆರೋಗ್ಯ ತಂಡ ವಾರಕ್ಕೆ ಮೂರು ಹೊಸ ಬಾಣಂತಿಯರನ್ನು ನೋಡಬಲ್ಲದು ಅಂದುಕೊಳ್ಳಿ, ವರ್ಷಕ್ಕೆ 150. ವರ್ಷಕ್ಕೆ 1,000 ಹೆರಿಗೆ. 11 ಇಟ್ಟರೆ 237 ಜನ ಪಾಸಿಟಿವ್, 12 ಇಟ್ಟರೆ 177, 13 ಇಟ್ಟರೆ 134. ಈ ಮೂರರಲ್ಲಿ 150ರ ಒಳಗೆ ಕೂರುವುದು 13 ಮಾತ್ರ. ಅದರಲ್ಲಿ ಒಳ್ಳೆಯ ಅಂಶವೂ ಇದೆ, ಕಳಿಸಿದ ಇಬ್ಬರಲ್ಲಿ ಒಬ್ಬರಿಗಿಂತ ಜಾಸ್ತಿ ನಿಜವಾದ ಕೇಸ್. 11ರಲ್ಲಿ ಅದು ಮೂವರಲ್ಲಿ ಒಬ್ಬರು. ಬಂದವರಲ್ಲಿ ಹೆಚ್ಚಿನವರು ಸರಿಯಾಗೇ ಇದ್ದಾರೆ ಅಂತ ಕಂಡರೆ ಆಸ್ಪತ್ರೆಯವರು ಸ್ವಲ್ಪ ದಿನದಲ್ಲಿ ಚೀಟಿಯನ್ನೇ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಆದರೆ 100ರಲ್ಲಿ 30 ಜನ ತಪ್ಪಿಹೋಗುತ್ತಾರೆ. ಇದನ್ನು ಒಪ್ಪುವುದಾದರೆ ವರದಿಯಲ್ಲಿ ಹಾಗೇ ಬರೆಯಿರಿ: 13 ಇಟ್ಟದ್ದು ಸಿಬ್ಬಂದಿ ಕೊರತೆಯಿಂದ, ಅದೇ ಸರಿಯಾದ ಗಡಿ ಅಂತಲ್ಲ. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ನಿಮ್ಮ ಪೇಪರ್ ತೋರಿಸಿ, ಸಿಬ್ಬಂದಿ ಸಾಕಷ್ಟು ಇರುವ ನಗರದ ಆಸ್ಪತ್ರೆಯಲ್ಲೂ 13 ಇಡುತ್ತಾರೆ.

ಎರಡು ಗಡಿ

ನನಗೆ ಹೆಚ್ಚು ಇಷ್ಟವಾದ ದಾರಿ ಇದು, ಕೆಲಸ ಸ್ವಲ್ಪ ಜಾಸ್ತಿಯಾದರೂ. 13 ಅಥವಾ ಮೇಲೆ ಬಂದವರನ್ನು ನೇರವಾಗಿ ಕಳಿಸಿ. 8 ಅಥವಾ ಕಡಿಮೆ ಬಂದವರನ್ನು ಸದ್ಯಕ್ಕೆ ಬಿಡಿ. 9ರಿಂದ 12ರ ನಡುವಿನವರಿಗೆ ಎರಡು ವಾರ ಬಿಟ್ಟು ಇನ್ನೊಮ್ಮೆ ಇಪಿಡಿಎಸ್ ಕೊಡಿ. ಎರಡು ವಾರದ ನಂತರ ಮತ್ತೆ ಕೊಡಬಹುದು ಅಂತ ಸ್ಕೇಲ್‌ನ ಸೂಚನೆಯಲ್ಲೇ ಇದೆ. ನಮ್ಮ 1,000ದಲ್ಲಿ ಈ ನಡುವಿನ ಗುಂಪು ಸುಮಾರು 245 ಜನ, ಅವರಲ್ಲಿ 23 ಜನರಿಗೆ ನಿಜವಾಗಿ ಖಿನ್ನತೆ. ಆ 245 ಜನರನ್ನು ಮತ್ತೆ ನೋಡುವುದು ಲಸಿಕೆಗೆ ಬಂದಾಗ ಆಗುವ ಕೆಲಸ, ಬಸ್ಸು ಹತ್ತಿಸಬೇಕಿಲ್ಲ.

ಇದರ ಮಿತಿ ಏನೆಂದರೆ ಒಂದೇ ಸಲ ತೆಗೆದ ಡೇಟಾದಿಂದ ಎರಡನೇ ಸುತ್ತಿನ ಸೆನ್ಸಿಟಿವಿಟಿ ಹೇಳಲು ಬರುವುದಿಲ್ಲ. ಮೊದಲ ಸಲ 11 ಬಂದವಳು ಎರಡನೇ ಸಲ ಎಷ್ಟು ಹಾಕುತ್ತಾಳೆ ಅನ್ನುವುದು ನಿಮ್ಮ ಕೋಷ್ಟಕದಲ್ಲಿ ಇಲ್ಲ. ಎರಡು ಗಡಿಯ ಯೋಜನೆ ಶಿಫಾರಸು ಮಾಡುವುದಾದರೆ ನಡುವಿನ ಗುಂಪಿಗಾದರೂ ಅಧ್ಯಯನದಲ್ಲೇ ಎರಡನೇ ಸಲ ಸ್ಕೇಲ್ ಕೊಟ್ಟಿರಬೇಕು.

ಬೇರೆಯವರ ಕಟ್-ಆಫ್ ತೆಗೆದುಕೊಳ್ಳುವುದು

ಕೇಸ್‌ಗಳು 20ಕ್ಕಿಂತ ಕಡಿಮೆ ಇದ್ದರೆ ಹೊಸ ಕಟ್-ಆಫ್ ಹುಡುಕುವ ಗೋಜಿಗೇ ಹೋಗಬೇಡಿ ಅನ್ನುವವನು ನಾನು. ದೊಡ್ಡ ಡೇಟಾದಿಂದ ಬಂದ 11 ಅಥವಾ 13ನ್ನು ಮೊದಲೇ ಗೊತ್ತುಮಾಡಿಕೊಂಡು, ನಿಮ್ಮ ಜನರಲ್ಲಿ ಅದು ಹೇಗೆ ನಡೆಯುತ್ತದೆ ಅಂತ ಮಾತ್ರ ಹೇಳಿ. ಇದು ಕೀಳು ಕೆಲಸ ಏನಲ್ಲ. ಕಟ್-ಆಫ್ ಅನ್ನು ಒಂದು ಡೇಟಾದಿಂದಲೇ ಆರಿಸಿ ಅದೇ ಡೇಟಾದಲ್ಲಿ ಅದರ ಸೆನ್ಸಿಟಿವಿಟಿ ಅಳೆದರೆ ಅದು ಸಾಮಾನ್ಯವಾಗಿ ಸ್ವಲ್ಪ ಮೆರುಗು ಹಚ್ಚಿದ ನಂಬರ್ ಆಗಿರುತ್ತದೆ, ಚಿಕ್ಕ ಸ್ಯಾಂಪಲ್‌ನಲ್ಲಿ ಇನ್ನೂ ಜಾಸ್ತಿ. ಮೊದಲೇ ಗೊತ್ತುಮಾಡಿದ ಕಟ್-ಆಫ್‌ಗೆ ಆ ತೊಂದರೆ ಇಲ್ಲ.

ತೆಗೆದುಕೊಳ್ಳುವಾಗ ಆ ಅಧ್ಯಯನ ಬಾಣಂತಿಯರದೋ ಗರ್ಭಿಣಿಯರದೋ ನೋಡಿ. 12/13 ಅಂತ ಬರೆದಿದ್ದರೆ 13 ಅಥವಾ ಮೇಲೆ ಅಂತ ಓದಿಕೊಳ್ಳಿ. "12ರ ಕಟ್-ಆಫ್" ಅಂತ ಮಾತ್ರ ಬರೆದಿದ್ದರೆ 12 ಸೇರುತ್ತದೋ ಇಲ್ಲವೋ ಅಂತ ಅವರ ಕೋಷ್ಟಕ ನೋಡಿಯೇ ತಿಳಿದುಕೊಳ್ಳಬೇಕು.

ಯಾವ ವಿಧಾನವೂ ಉಳಿಸಲಾರದ ಡೇಟಾ

ಸಮಯ ಉಳಿಸಲು ಕೆಲವರು ಹೀಗೆ ಮಾಡುತ್ತಾರೆ: ಇಪಿಡಿಎಸ್ 10 ಅಥವಾ ಜಾಸ್ತಿ ಬಂದವರಿಗೆ ಮಾತ್ರ ಮಿನಿ ಸಂದರ್ಶನ, ಉಳಿದವರೆಲ್ಲ "ಖಿನ್ನತೆ ಇಲ್ಲ" ಅಂತ ಎಂಟ್ರಿ. ಆಗ 10ರ ಸೆನ್ಸಿಟಿವಿಟಿ 100% ಬಂದೇ ಬರುತ್ತದೆ, ಯಾಕೆಂದರೆ ತಪ್ಪಿಹೋದವರನ್ನು ನೀವು ಹುಡುಕಲೇ ಇಲ್ಲ. ಪೇಪರ್ ಓದುವಾಗ ಇದನ್ನು ಹಿಡಿಯುವುದು ಸುಲಭ: ಒಂದು ಸ್ಕೋರ್‌ಗಿಂತ ಕೆಳಗೆ ಒಬ್ಬಳೂ ಕೇಸ್ ಇಲ್ಲ, ಸಂದರ್ಶನ ಆದವರ ಸಂಖ್ಯೆ ಒಟ್ಟು ಸ್ಯಾಂಪಲ್‌ಗಿಂತ ಕಡಿಮೆ. ಎಲ್ಲರನ್ನೂ ಸಂದರ್ಶಿಸಲು ಆಗದಿದ್ದರೆ ಕಡಿಮೆ ಸ್ಕೋರ್‌ನವರಲ್ಲಿ ಲಾಟರಿ ಎತ್ತಿದ ಹಾಗೆ, ಉದಾಹರಣೆಗೆ ಐವರಲ್ಲಿ ಒಬ್ಬರನ್ನು ಆರಿಸಿ, ಲೆಕ್ಕ ಮಾಡುವಾಗ ಅವರಿಗೆ ಐದರ ತೂಕ ಕೊಡಿ.

ಇನ್ನೊಂದು, ಖಿನ್ನತೆ ಇರುವವರನ್ನು ಸೈಕಿಯಾಟ್ರಿ ಓಪಿಡಿಯಿಂದ, ಇಲ್ಲದವರನ್ನು ನರ್ಸಿಂಗ್ ಕಾಲೇಜಿನಿಂದ ತಂದು ಸೇರಿಸಿದರೆ ಕರ್ವ್ ಮೂಲೆಗೆ ಅಂಟಿಕೊಂಡು ಬರುತ್ತದೆ. ಎರಡು ತುದಿಯವರನ್ನು ಬೇರೆ ಮಾಡಲು ಯಾವ ಸ್ಕೇಲ್ ಆದರೂ ಸಾಕು. ಕಷ್ಟ ಇರುವುದು 9ರಿಂದ 12ರ ನಡುವೆ, ಮತ್ತು ಅಂಥವರು ನಿಮ್ಮ ಸ್ಯಾಂಪಲ್‌ನಲ್ಲಿ ಇಲ್ಲ.

ಕಟ್-ಆಫ್ ಎಷ್ಟು ಗಟ್ಟಿ ಅಂತ ತಿಳಿಯಲು ಬೂಟ್‌ಸ್ಟ್ರಾಪ್ ಮಾಡಿ. ಕೇಸ್‌ಗಳನ್ನು, ಕೇಸ್ ಅಲ್ಲದವರನ್ನು ಬೇರೆ ಬೇರೆಯಾಗಿ ಮತ್ತೆ ಮತ್ತೆ ಎತ್ತಿ, ಪ್ರತಿ ಸಲ ಯಾವ ಕಟ್-ಆಫ್ ಗೆಲ್ಲುತ್ತದೆ ಅಂತ ಎಣಿಸುವುದು ಅಷ್ಟೇ:

```r
p <- which(d$mini == 1); n <- which(d$mini == 0)
k <- replicate(2000, {
  i <- c(sample(p, replace = TRUE), sample(n, replace = TRUE))
  b <- roc(d$mini[i], d$epds[i], levels = c(0, 1),
           direction = "<", quiet = TRUE)
  coords(b, "best", ret = c("threshold", "sensitivity"))$threshold[1]
})
table(k)
```

ಹೆಚ್ಚಿನ ಸಲ ಒಂದೇ ನಂಬರ್ ಬಂದರೆ ಧೈರ್ಯವಾಗಿ ಬರೆಯಿರಿ. ನಮ್ಮ ಕೋಷ್ಟಕದಂಥ ಡೇಟಾದಲ್ಲಿ 10, 11, 12ಕ್ಕೆ ಹಂಚಿಹೋಗುವುದು ಸಹಜ. ಆಗ ಡೇಟಾ ಇಷ್ಟೇ ಹೇಳಬಲ್ಲದು ಅಂತ ಒಪ್ಪಿಕೊಂಡು ಮೂರರಲ್ಲಿ ಒಂದನ್ನು ಬೆಲೆಯಿಂದಲೋ ಸಿಬ್ಬಂದಿ ಲೆಕ್ಕದಿಂದಲೋ ಆರಿಸಿ.

ಹಾಗಾದರೆ ನಿಮಗೆ ಯಾವುದು

ಥೀಸಿಸ್‌ಗೆ ಕನ್ನಡ ಅನುವಾದ ವ್ಯಾಲಿಡೇಟ್ ಮಾಡುತ್ತಿದ್ದೀರಿ, ಕೇಸ್ 30ರ ಆಸುಪಾಸು: ಯೂಡನ್ ಕೊಡಿ, ಅಕ್ಕಪಕ್ಕದ ಸಾಲುಗಳನ್ನು ಇಂಟರ್ವಲ್ ಸಮೇತ ಕೊಡಿ, ಬೂಟ್‌ಸ್ಟ್ರಾಪ್ ಎಣಿಕೆ ಹಾಕಿ. ಕೇಂದ್ರದಲ್ಲೇ ಕೌನ್ಸೆಲರ್ ಇದ್ದಾರೆ, ಎರಡನೇ ಹಂತ ಅಗ್ಗ: ಸೆನ್ಸಿಟಿವಿಟಿ ಗೊತ್ತುಮಾಡಿ, 10ರ ಹತ್ತಿರ ಇರಿ. ರೆಫರಲ್ ದೂರ, ವೈದ್ಯರು ಕಡಿಮೆ: 13 ಇಡಿ, ಆಗುವುದಾದರೆ ಎರಡು ಗಡಿ. ಒಂದು ತಾಲೂಕಿನ ಕಾರ್ಯಕ್ರಮಕ್ಕೇ ಸಲಹೆ ಕೊಡುತ್ತಿದ್ದೀರಿ: ಬೆಲೆ ಕಟ್ಟಿ ಆರಿಸುವುದನ್ನು ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ. ನಿಮ್ಮ ಉದ್ದೇಶ ಆ ಊರಿನಲ್ಲಿ ಖಿನ್ನತೆ ಎಷ್ಟಿದೆ ಅಂತ ಹೇಳುವುದಾದರೆ ಕಟ್-ಆಫ್ ದಾಟಿದವರನ್ನು ಎಣಿಸಿ ಹೇಳಬೇಡಿ. ನಮ್ಮ 1,000ದಲ್ಲಿ 11 ಅಥವಾ ಜಾಸ್ತಿ ಬಂದವರು ನೂರಕ್ಕೆ 24, ಖಿನ್ನತೆ ಇರುವವರು ನೂರಕ್ಕೆ 10.

ಯಾವ ವಿಧಾನ ಅಂತ ಸಿನಾಪ್ಸಿಸ್‌ನಲ್ಲೇ, ಡೇಟಾ ಕಣ್ಣಿಗೆ ಬೀಳುವ ಮೊದಲೇ ಬರೆಯಿರಿ. ಪ್ರಕಟಿಸುವಾಗ ಗೆದ್ದ ಒಂದೇ ಸಾಲನ್ನಲ್ಲ, ಮೇಲಿನ ಥರ ಪೂರ್ತಿ ಕೋಷ್ಟಕವನ್ನು ಶೇಕಡಾ ಮತ್ತು ತಲೆಎಣಿಕೆ ಎರಡರಲ್ಲೂ ಹಾಕಿ, ಬೇರೆ ಬೆಲೆ ಕಟ್ಟುವವರು ತಮ್ಮ ಲೆಕ್ಕ ತಾವೇ ಮಾಡಿಕೊಳ್ಳಲಿ. ಮತ್ತೆ ಇಪಿಡಿಎಸ್‌ನ ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ 0 ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಸ್ಕೋರ್ 4 ಇದ್ದರೂ, ಅವತ್ತೇ ಮಾತಾಡಿಸಬೇಕು. ಅದನ್ನು ಕಟ್-ಆಫ್ ಲೆಕ್ಕದಿಂದ ಹೊರಗಿಟ್ಟು ಪ್ರೊಟೊಕಾಲ್‌ನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ.